ಬಟ್ಟಲೋ ಬಕೆಟ್ಟೋ: ಚಂದ್ರ ಎಲ್ಲಿದ್ದಾನೆ ನೋಡಿ

ಜಾತಕದಲ್ಲಿ ಗ್ರಹಗಳು ಹರಡಿಕೊಂಡ ಆಕಾರಕ್ಕೆ ಪಾಶ್ಚಾತ್ಯ ಜ್ಯೋತಿಷ್ಯದಲ್ಲಿ ಬಟ್ಟಲು, ಬಕೆಟ್ ಎಂಬಂಥ ಹೆಸರುಗಳಿವೆ. ತೀರ್ಥಹಳ್ಳಿ ಕಡೆ ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರು ಮಕ್ಕಳ ಜಾತಕ ಮುಂದಿದೆ ಅಂದುಕೊಳ್ಳಿ. ಇಬ್ಬರಿಗೂ ಚಂದ್ರನನ್ನು ಬಿಟ್ಟು ಉಳಿದ ಒಂಬತ್ತು ಗ್ರಹಗಳು ಮೇಷ 10°ಯಿಂದ ತುಲಾ 4°ಯೊಳಗೆ, ಅಂದರೆ 174°ಯಲ್ಲಿವೆ. ಮೊದಲನೆಯ ಮಗುವಿಗೆ ಚಂದ್ರ ಮಕರ 7°ಯಲ್ಲಿ ಒಂಟಿ. ಎರಡೂ ಅಂಚಿಗೆ 93° ದೂರ. ಇದು ಬಕೆಟ್, ಚಂದ್ರನೇ ಹಿಡಿ. ಎಂಟು ದಿನ ತಡವಾಗಿ ಹುಟ್ಟಿದ ಮಗುವಿಗೆ ಚಂದ್ರ ಮೇಷದೊಳಗೆ ಬಂದಿರುತ್ತಾನೆ. ಹತ್ತೂ 180°ಯೊಳಗೆ ಸೇರಿದವು, ಇದು ಬಟ್ಟಲು.

ಬಟ್ಟಲಿನವರು ತಮ್ಮಲ್ಲಿರುವುದನ್ನು ನೆಚ್ಚಿ ನಡೆಯುವವರು, ಖಾಲಿ ಅರ್ಧದ ಕೊರತೆ ಅವರನ್ನು ಕಾಡುತ್ತದೆ ಎನ್ನುತ್ತಾರೆ. ಬಕೆಟ್ಟಿನಲ್ಲಿ ಶಕ್ತಿಯೆಲ್ಲ ಹಿಡಿಯ ಗ್ರಹದ ಮೂಲಕ ಹರಿಯುತ್ತದಂತೆ. ಇಲ್ಲಿ ಹಿಡಿ ಚಂದ್ರ, ಹಾಗಾಗಿ ಮನಸ್ಸು, ಮನೆ, ತಾಯಿಯ ಮೂಲಕ. ನನಗೆ ಬಕೆಟ್ ಓದುವುದೇ ಸುಲಭ, ಎಲ್ಲಿಂದ ಶುರುಮಾಡಬೇಕೆಂದು ಹಿಡಿಯೇ ಹೇಳುತ್ತದೆ.

ಎದುರುಬದುರು ಎರಡು ಗುಂಪಿದ್ದರೆ ಸೀ-ಸಾ, ಮಕ್ಕಳು ಎರಡು ತುದಿಗೆ ಕೂತು ಆಡುವ ಹಲಗೆಯಂತೆ: ಎರಡು ಕಡೆಯ ಎಳೆದಾಟ. ಅಲ್ಲಲ್ಲಿ ಏರುಪೇರಾದ ಮೂರು ಗುಂಪಾದರೆ ಸ್ಪ್ಲೇ: ಯಾರ ಚೌಕಟ್ಟಿಗೂ ಒಗ್ಗದ ಸ್ವಭಾವ.

ಎಣಿಸುವಾಗ ಸೂರ್ಯನಿಂದ ಪ್ಲೂಟೋವರೆಗಿನ ಹತ್ತನ್ನೇ ಹಿಡಿಯಿರಿ. ನಮ್ಮ ರೂಢಿಯಂತೆ ರಾಹು ಕೇತು ಸೇರಿಸಿದರೆ ಅವು ಸದಾ 180° ಎದುರಿಗಿರುವುದರಿಂದ ಬಟ್ಟಲು ಕೆಡುತ್ತದೆ. ಚೌಕ ಕುಂಡಲಿಯ ಮನೆಗಳನ್ನಷ್ಟೇ ಎಣಿಸಬೇಡಿ. 180° ಅಂದರೆ ಆರೇ ಮನೆಯಷ್ಟು, ಆದರೂ ಮೇಲಿನ ಬಟ್ಟಲು ಏಳು ಮನೆಗಳಲ್ಲಿ ಹರಡಿದಂತೆ ಕಾಣುತ್ತದೆ.