ಮೊದಲ ಮೆಚ್ಚುಗೆಗೆ ಯಾವ ಪದ್ಯ: ಚೌಪದಿಯೋ, ಪ್ರಾಸವಿಲ್ಲದ ಹನಿಯೋ?

ದಾವಣಗೆರೆಯ ಗೆಳೆಯರೊಬ್ಬರು, ಈಚೆಗಷ್ಟೇ ಮನಸ್ಸಿಗೆ ಹಿಡಿಸಿದವರಿಗೆ ಕಳುಹಿಸಲು ಎರಡು ಪದ್ಯಗಳಲ್ಲಿ ಒಂದನ್ನು ಆರಿಸಿಕೊಡಿ ಎಂದು ಕೇಳಿದ್ದಾರೆ. ಮೊದಲನೆಯದು ಚೌಪದಿ:

ಬೆಣ್ಣೆ ದೋಸೆ ಬಿಸಿಯಿತ್ತು,
ಕಣ್ಣು ನಿಮ್ಮ ಕಡೆಗಿತ್ತು;
ತಣ್ಣಗಾದ ಮೇಲೆ ದೋಸೆ
ಸಣ್ಣದೊಂದು ಮಾತಿನಾಸೆ.

ಎರಡನೆಯದು ಹನಿ:

ಕೋಟೆಯ ಮೆಟ್ಟಿಲು ಹತ್ತುವಾಗ
ನೀವು ನಿಂತಲ್ಲೆಲ್ಲ
ನನಗೂ ದಣಿವಾಯಿತು.

ಬರೆಯುವ ಶ್ರಮ ಚೌಪದಿಯಲ್ಲೇ ಹೆಚ್ಚು. ಇಲ್ಲಿ ನಾಲ್ಕೂ ಸಾಲುಗಳ ಎರಡನೆಯ ಅಕ್ಷರ ‘ಣ್ಣ’ಕಾರವಾಗಿ ಆದಿಪ್ರಾಸ ಕೂಡಿದೆ, ಕೊನೆಯಲ್ಲಿ ಅಂತ್ಯಪ್ರಾಸವೂ ಇದೆ. ಪ್ರಾಸಕ್ಕಾಗಿ ಇಲ್ಲದ ಭಾವವನ್ನು ಎಳೆದು ತಂದರೆ ಪದ್ಯ ಕೆಡುತ್ತದೆ. ಒಂದು ಪದವನ್ನು ತೆಗೆದರೆ ಪ್ರಾಸ ಮಾತ್ರ ಕೆಟ್ಟು ಅರ್ಥ ಹಾಗೇ ಉಳಿಯುವುದಾದರೆ, ಆ ಪದ ಭರ್ತಿಗೆ ಬಂದದ್ದೆಂದು ತಿಳಿಯಬೇಕು. ಹನಿಗೆ ಇಂಥ ಕಟ್ಟಿಲ್ಲ, ಆದರೆ ಅದರ ಭಾರವೆಲ್ಲ ಕೊನೆಯ ಸಾಲಿನ ಮೇಲಿರುತ್ತದೆ.

ಎಷ್ಟು ಹೇಳಿಬಿಡುತ್ತೇವೆ ಎಂಬುದೇ ನನಗೆ ಮುಖ್ಯವೆನಿಸುತ್ತದೆ. ಚೌಪದಿಯ ‘ಕಣ್ಣು’ ಮೆಚ್ಚುಗೆಯನ್ನು ಬಯಲಿಗೆ ತರುತ್ತದೆಯಾದರೂ ಪ್ರಾಸದ ಲವಲವಿಕೆಯಿಂದ ಅದು ಹಗುರಾಗುತ್ತದೆ, ನಕ್ಕು ಉತ್ತರಿಸಲು ಎದುರಿನವರಿಗೆ ದಾರಿಯಿರುತ್ತದೆ. ಹನಿ ಕಡಿಮೆ ಹೇಳಿದರೂ ಗಂಭೀರವಾಗಿ ತಟ್ಟುತ್ತದೆ. ಜೊತೆಯಲ್ಲಿ ಚಿತ್ರದುರ್ಗದ ಕೋಟೆ ಹತ್ತಿದ ನೆನಪಿಲ್ಲದವರಿಗೆ ಅದು ಅರ್ಥವಾಗುವುದೂ ಇಲ್ಲ.

ಸಂಬೋಧನೆ ಎರಡರಲ್ಲೂ ಸುಲಭ. ಸಲುಗೆಯಿದ್ದರೆ ‘ನಿಮ್ಮ’ ಬದಲು ‘ನಿನ್ನ’ ಎಂದರೂ ಮೂರು ಮಾತ್ರೆಯೇ ಆಗುವುದರಿಂದ ಲಯ ಕೆಡದು.

ಆದ್ದರಿಂದ ಪರಿಚಯ ಹೊಸದಾಗಿದ್ದು ನಗೆಮಾತು ನಡೆಯುವಂತಿದ್ದರೆ ಚೌಪದಿ ಸಲ್ಲುತ್ತದೆ. ಒಟ್ಟಿಗೆ ಕಳೆದ ದಿನವೊಂದಿದ್ದು, ಅವರು ಮಿತಭಾಷಿಯಾಗಿದ್ದರೆ ಅದೇ ಸಂಜೆ ಹನಿಯನ್ನು ಕಳುಹಿಸುವುದು ಒಳಿತು.