ಅಮ್ಮನ ಸರ, ಮೂರು ಅಂಗಡಿ, ಮೂರು ಲೆಕ್ಕ

ಹೋದ ವರ್ಷ ಮನೆಗೆ ದುಡ್ಡು ಬೇಕಾಗಿತ್ತು. ಅಮ್ಮ ತಮ್ಮ ಹಳೇ ಸರ ತೆಗೆದುಕೊಟ್ಟು "ಮಾರಿಬಿಡಮ್ಮ, ಸುಮ್ನೆ ಬೀರುವಿನಲ್ಲಿ ಇದೆ" ಅಂದರು. ಸರಕ್ಕೆ ಹಳೇ ಕಾಲದ ಹಾಲ್‌ಮಾರ್ಕ್ ಇತ್ತು. ಕೊಂಡಿಯ ಹತ್ತಿರ 916 ಅಂತ, ಅಂದರೆ 22 ಕ್ಯಾರೆಟ್ ಅಂತ, ಸಣ್ಣದಾಗಿ ಕಾಣುತ್ತಿತ್ತು. ಹೊರಡುವ ಮೊದಲು ಎರಡು ಕೆಲಸ ಮಾಡಿದೆ. ಮನೆಯಲ್ಲಿದ್ದ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ, 18.42 ಗ್ರಾಂ ಬಂತು. ಆಮೇಲೆ ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಸೆಂಟರಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಗ್ರಾಹಕರು ನಾಲ್ಕು ಒಡವೆವರೆಗೆ ಪರೀಕ್ಷೆ ಮಾಡಿಸಲು ಬಿಐಎಸ್ ಇಟ್ಟಿರುವ ಶುಲ್ಕ 200 ರೂಪಾಯಿ, ಮೇಲೆ ತೆರಿಗೆ. ವರದಿಯಲ್ಲಿ ಶುದ್ಧತೆ ನೂರಕ್ಕೆ 91.6 ಅಂತ ಬಂತು. ಅಂದರೆ ಸರದಲ್ಲಿ ಅಪ್ಪಟ ಚಿನ್ನ 16.87 ಗ್ರಾಂ. ಮುಂದೆ ನಾನು ಹೋಲಿಸಿದ್ದು ಈ ಒಂದು ಸಂಖ್ಯೆಯ ಜೊತೆಗೆ ಮಾತ್ರ. ದಿನದ ರೇಟ್ ಮೇಲೆ ಕೆಳಗೆ ಆಗುತ್ತಿರುತ್ತದೆ, ಗ್ರಾಂ ಆಗುವುದಿಲ್ಲ.

ಮೊದಲು ಹೋಗಿದ್ದು "ಹಳೇ ಚಿನ್ನಕ್ಕೆ ಸ್ಥಳದಲ್ಲೇ ಕ್ಯಾಶ್" ಅಂತ ಬೋರ್ಡ್ ಹಾಕಿದ್ದ ಚಿಕ್ಕ ಅಂಗಡಿಗೆ. ಅವರು ಹೇಳಿದ ರೇಟ್ ಬೇರೆ ಎರಡೂ ಕಡೆಗಿಂತ ಜಾಸ್ತಿ. ತಕ್ಕಡಿ ಸೊನ್ನೆ ತೋರಿಸುತ್ತಿತ್ತು. ಸರ ಇಟ್ಟಾಗ 17.68 ಬಂತು. ಮುಕ್ಕಾಲು ಗ್ರಾಂ ಎಲ್ಲಿ ಹೋಯಿತು? ನನ್ನ ಪರ್ಸಿನಲ್ಲಿ ಐದು ಒಂದು ರೂಪಾಯಿ ನಾಣ್ಯ ಇದ್ದವು. 2011ರಿಂದ 2018ರವರೆಗಿನ ಅಚ್ಚಿನ ಒಂದು ರೂಪಾಯಿಗೆ 3.79 ಗ್ರಾಂ ತೂಕ. ಮನೆಯಲ್ಲಿ ಐದನ್ನೂ ಒಟ್ಟಿಗೆ ತೂಗಿದ್ದಾಗ 18.93 ಬಂದಿತ್ತು, ಸವೆದಿರುವುದರಿಂದ ಅಷ್ಟು ಕಡಿಮೆ. ಅಲ್ಲಿ 18.17 ಬಂತು. ಒಂದೇ ನಾಣ್ಯ ಇಟ್ಟೆ, 3.64.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸೊನ್ನೆಯಲ್ಲಿ ಮೋಸ ಇದ್ದಿದ್ದರೆ ಒಂದು ನಾಣ್ಯಕ್ಕೂ ಐದು ನಾಣ್ಯಕ್ಕೂ ಒಂದೇ ಅಳತೆ ಕಡಿಮೆ ಬರಬೇಕಿತ್ತು. ಇಲ್ಲಿ ತೂಕ ಹೆಚ್ಚಿದಂತೆ ಕಡಿತವೂ ಹೆಚ್ಚುತ್ತಿತ್ತು, ನೂರಕ್ಕೆ ನಾಲ್ಕರ ಲೆಕ್ಕದಲ್ಲಿ. ಕ್ಯಾಲಿಬ್ರೇಷನ್ ಕೆಡಿಸಿದಾಗ ಆಗುವುದು ಹೀಗೇ. ತಕ್ಕಡಿ "50 ಗ್ರಾಂ ಇಡು" ಅಂತ ಕೇಳಿದಾಗ 52 ಗ್ರಾಂ ಕಲ್ಲು ಇಟ್ಟು ಒಪ್ಪಿಸಿಬಿಟ್ಟರೆ, ಆಮೇಲೆ ಅದು ಎಲ್ಲವನ್ನೂ ಕಡಿಮೆಯೇ ತೋರಿಸುತ್ತದೆ. ಹಾಗಾಗಿ "ಸೊನ್ನೆ ಇದೆ ನೋಡಿ ಮೇಡಂ" ಅನ್ನುವ ಮಾತು ಸಾಲದು. ತೂಕ ಗೊತ್ತಿರುವ ವಸ್ತು ಒಂದನ್ನು ಇಟ್ಟು ನೋಡಬೇಕು, ಅದೂ ನಿಮ್ಮ ಒಡವೆಯಷ್ಟೇ ಭಾರದ್ದು. ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ತಕ್ಕಡಿಯ ಮೇಲೆ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಬೇಕು. ಅಲ್ಲಿ ಎರಡೂ ಇರಲಿಲ್ಲ.

ಆದರೂ ಎದ್ದು ಬರಲಿಲ್ಲ. ಪರೀಕ್ಷೆ ಹೇಗೆ ಮಾಡುತ್ತಾರೆ ನೋಡಬೇಕಿತ್ತು. ಆತ ಸರವನ್ನು ಒರೆಗಲ್ಲಿಗೆ ತಿಕ್ಕಿ ಒಂದು ಗೆರೆ ಎಳೆದು, ಬಾಟಲಿಯಿಂದ ಒಂದು ಹನಿ ಆಸಿಡ್ ಬಿಟ್ಟರು. ಗೆರೆ ಮಂಕಾಗಿ ಕರಗಿಯೇ ಹೋಯಿತು. "ನೋಡಿ, 20 ಕ್ಯಾರೆಟ್ ಅಷ್ಟೇ, 84 ಟಚ್ ಹಾಕಬಹುದು" ಅಂದರು. ಟಚ್ ಅಂದರೆ ನೂರಕ್ಕೆ ಎಷ್ಟು ಭಾಗ ಚಿನ್ನ ಅನ್ನುವ ಲೆಕ್ಕ. ಆಸಿಡ್ ಯಾವುದು ಅಂತ ಕೇಳಿದೆ. ನೈಟ್ರಿಕ್ ಅಂದರು. ಬರೀ ನೈಟ್ರಿಕ್ ಆಸಿಡ್ 22 ಕ್ಯಾರೆಟ್ ಗೆರೆಯನ್ನು ಅಳಿಸುವುದಿಲ್ಲ. ಅದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದರೆ ಅಪ್ಪಟ ಚಿನ್ನವೂ ಕರಗುತ್ತದೆ. ನನ್ನ ಬೆರಳಲ್ಲಿ ಎಚ್‌ಯುಐಡಿ, ಅಂದರೆ ಹೊಸ ಹಾಲ್‌ಮಾರ್ಕಿನಲ್ಲಿ ಪ್ರತಿ ಒಡವೆಗೂ ಬೇರೆಬೇರೆಯಾಗಿ ಕೊಡುವ ನಂಬರ್, ಇರುವ 916 ಉಂಗುರ ಇತ್ತು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದರ ನಂಬರ್ ಹಾಕಿ ಹಿಂದೆಯೇ ಖಚಿತಪಡಿಸಿಕೊಂಡಿದ್ದೆ. ಅದರಿಂದಲೂ ಒಂದು ಗೆರೆ ಎಳೆದು ಅದೇ ಆಸಿಡ್ ಹಾಕಿ ಅಂದೆ. ಮನಸ್ಸಿಲ್ಲದೆ ಹಾಕಿದರು. ಆ ಗೆರೆಯೂ ಅಷ್ಟೇ ಬೇಗ ಹೋಯಿತು. ಒರೆಗಲ್ಲನ್ನು ನಂಬುವ ಅಕ್ಕಸಾಲಿಗರು ಪರೀಕ್ಷೆ ಮಾಡುವುದೇ ಹೀಗೆ: ಗೊತ್ತಿರುವ ಚಿನ್ನದ ಗೆರೆಯನ್ನು ಪಕ್ಕದಲ್ಲೇ ಎಳೆದು, ಎರಡರ ಮೇಲೂ ಒಂದೇ ಹನಿ ಹರಡಿ, ಬಣ್ಣ ಹೋಲಿಸುತ್ತಾರೆ. ಪಕ್ಕದ ಗೆರೆ ಇಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ಅವರ ಲೆಕ್ಕ ಹೀಗಿತ್ತು. 17.68 ಗ್ರಾಂಗೆ 84 ಟಚ್, ಅಂದರೆ 14.85 ಗ್ರಾಂ ಅಪ್ಪಟ. ಅದರಲ್ಲಿ "ಕರಗಿಸುವ ನಷ್ಟ" ಅಂತ ನೂರಕ್ಕೆ ಮೂರು ಹೋಗಿ 14.40. ನನ್ನ ಸರದಲ್ಲಿದ್ದದ್ದು 16.87. ರೇಟ್ ಎಷ್ಟು ಜಾಸ್ತಿ ಕೊಟ್ಟರೂ ಆ ಎರಡೂವರೆ ಗ್ರಾಂ ತುಂಬುವುದಿಲ್ಲ.

ಎರಡನೆಯದು ದೊಡ್ಡ ಶೋರೂಮ್, ಯಂತ್ರ ಇಟ್ಟುಕೊಂಡು ಚಿನ್ನ ಕೊಳ್ಳುವವರು. ತಕ್ಕಡಿಗೆ ಸೀಲ್ ಇತ್ತು, 18.40 ತೋರಿಸಿತು, ನಾಣ್ಯವೂ ಸರಿಯಾಗಿ ಬಂತು. ಎಕ್ಸ್‌ರೇ ಬಿಟ್ಟು ಶುದ್ಧತೆ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ 89.2 ಬಂತು. ಯಂತ್ರ ಸುಳ್ಳು ಹೇಳಲಿಲ್ಲ. ಆದರೆ ಸರವನ್ನು ಅದರೊಳಗೆ ಇಟ್ಟವರು ಕೊಂಡಿಯ ಬೆಸುಗೆಯನ್ನೇ ಕಿಂಡಿಯ ಮೇಲೆ ಇಟ್ಟಿದ್ದರು. ಈ ಯಂತ್ರ ಮೇಲ್ಮೈಯ ಒಂದು ಚುಕ್ಕೆಯನ್ನು ಮಾತ್ರ ನೋಡುತ್ತದೆ. ಬೆಸುಗೆಯಲ್ಲಿ ಚಿನ್ನ ಕಡಿಮೆ, ತಾಮ್ರ, ಸತು, ಕ್ಯಾಡ್ಮಿಯಂ ಥರದವು ಜಾಸ್ತಿ ಇರಬಹುದು. ಪರದೆಯಲ್ಲಿ ಚಿನ್ನದ ಕೆಳಗೆ ಸತು ಮತ್ತು ಕ್ಯಾಡ್ಮಿಯಂನ ಸಂಖ್ಯೆ ಕಂಡಿದ್ದರಿಂದಲೇ ನನಗೆ ಅನುಮಾನ ಬಂದಿದ್ದು. "ಸರದ ಮಧ್ಯದ ಬಳ್ಳಿಯಲ್ಲಿ ಮೂರು ಕಡೆ ನೋಡಿ" ಅಂದೆ. 91.4, 91.7, 91.6 ಬಂತು. ಒಂದೇ ಮಾತಿಗೆ ಒಪ್ಪಿಕೊಂಡರು. ಸರ್ವಿಸ್ ಚಾರ್ಜ್ ನೂರಕ್ಕೆ ಎರಡು ಕಳೆದು 16.51 ಗ್ರಾಂ. ಕೇಳದೆ ಇದ್ದಿದ್ದರೆ 16.08ಕ್ಕೆ ಮುಗಿಯುತ್ತಿತ್ತು.

ಅಲ್ಲೇ ಕೊಡಬಹುದಿತ್ತು. ಆದರೆ ದುಡ್ಡು ಕೊಡುವ ಮುಂಚೆ ಕರಗಿಸಲೇಬೇಕು ಅಂದರು, ಅದೂ ಒಳಗಿನ ರೂಮಿನಲ್ಲಿ. ಕರಗಿದ ಮೇಲೆ ಹಾಲ್‌ಮಾರ್ಕ್ ಇಲ್ಲ, ಸರವೂ ಇಲ್ಲ. ನನ್ನ ಕೈಯಲ್ಲಿರುವ ವರದಿ ಯಾವ ಗಟ್ಟಿಯದ್ದು ಅಂತ ಸಾಧಿಸುವುದು ಹೇಗೆ? ಒಂದಿಷ್ಟು ಚಿನ್ನ ಮೂಸೆಯಲ್ಲೇ ಅಂಟಿ ಉಳಿಯಬಹುದು, ನೋಡುವವರಿಲ್ಲದಿದ್ದರೆ ಉಳಿಸಲೂಬಹುದು. ಕಣ್ಣೆದುರೇ ಕರಗಿಸಿ, ಕರಗಿಸುವ ಮೊದಲೂ ಆಮೇಲೂ ತೂಗಿ, ಮೂಸೆ ತೋರಿಸುವುದಾದರೆ ಸರಿ ಅಂದೆ. ಆಗುವುದಿಲ್ಲ ಅಂದರು. ಸರ ವಾಪಸ್ ತೆಗೆದುಕೊಂಡೆ.

ಮೂರನೆಯದು ಅಮ್ಮ ಸರ ಕೊಂಡಿದ್ದ ಜ್ಯುವೆಲರಿ ಅಂಗಡಿಯೇ. ಬಿಲ್ ಇರಲಿಲ್ಲ, ಆದರೂ ಅವರು 18.41 ಗ್ರಾಂ, 91.6 ಅಂತ ಒಪ್ಪಿಕೊಂಡರು. ಹೊಸ ಒಡವೆ ತೆಗೆದುಕೊಂಡರೆ ಪೂರ್ತಿ 16.86 ಗ್ರಾಂ ಜಮಾ, ಆದರೆ ಹೊಸದಕ್ಕೆ ಮಜೂರಿ ಕೊಡಬೇಕು. ದುಡ್ಡು ಬೇಕು ಅಂದರೆ ನೂರಕ್ಕೆ ಮೂರು ಕಡಿತ, 16.36 ಗ್ರಾಂ. ಶೋರೂಮಿಗಿಂತ 0.15 ಗ್ರಾಂ ಕಡಿಮೆ. ಕರಗಿಸುವ ಮಾತಿಲ್ಲ, ಬ್ಯಾಂಕಿಗೆ ನೇರ ಹಣ. ನಾನು ಇಲ್ಲೇ ಕೊಟ್ಟೆ.

ಒಂದು ಮಾತು ಮರೆತೆ. ಮೊದಲ ಅಂಗಡಿಯಾತ "ಎಚ್‌ಯುಐಡಿ ಇಲ್ಲದ ಚಿನ್ನ ಈಗ ಮಾರುವ ಹಾಗಿಲ್ಲ" ಅಂತಲೂ ಹೆದರಿಸಿದ್ದರು. ಆ ನಿಯಮ ಗ್ರಾಹಕರಿಗೆ ಒಡವೆ ಮಾರುವ ಅಂಗಡಿಗಳಿಗೆ. ಮನೆಯ ಹಳೇ ಚಿನ್ನ ಮಾರುವುದಕ್ಕೆ ನಮಗೆ ಯಾವ ಅಡ್ಡಿಯೂ ಇಲ್ಲ. ಇಂಥ ತಕ್ಕಡಿ ಕಂಡರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನಾನು ಮಾಡಿದೆ, ನಾಣ್ಯ ಇಟ್ಟಾಗ ತಕ್ಕಡಿ ತೋರಿಸಿದ ಫೋಟೋ ಇಟ್ಟುಕೊಂಡೇ.