2 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್, ಮೂರು ವರ್ಷಗಳ ಬಳಕೆ: ಶೇ 97ಕ್ಕೆ ನಿಂತ ಕಾಪಿಗೆ ಹೊಣೆ ಯಾರು?

ಈ ಡಿಸ್ಕ್ ಕೊಂಡ ಎರಡನೆಯ ತಿಂಗಳಿನಲ್ಲಿ ನಾನೇ ಇದಕ್ಕೆ ಒಂದು ನಕ್ಷತ್ರ ಕೊಟ್ಟು, ‘ದೊಡ್ಡ ಕಾಪಿಯ ಕೊನೆಯಲ್ಲಿ ಕೈಕೊಡುತ್ತದೆ, ಕೊಳ್ಳಬೇಡಿ’ ಎಂದು ಬರೆದಿದ್ದೆ. ಆ ಮಾತಿನಲ್ಲಿ ಸ್ವಲ್ಪ ಮಾತ್ರ ನಿಜವಿತ್ತು. ಯಾವುದು ನಿಜ, ಯಾವುದು ನನ್ನ ತಪ್ಪು ಎಂಬುದನ್ನು ತಿಳಿಸುವ ಸಲುವಾಗಿ ಈ ವಿಮರ್ಶೆಯನ್ನು ಹೊಸದಾಗಿ ಬರೆಯುತ್ತಿದ್ದೇನೆ.

ಊರೂರಿನ ಯಕ್ಷಗಾನ ಆಟಗಳನ್ನು ರಾತ್ರಿಯಿಡೀ ಕುಳಿತು ಚಿತ್ರೀಕರಿಸುವುದು ನನ್ನ ಹವ್ಯಾಸ. ಅಂದು ಡೆಸ್ಕ್‌ಟಾಪ್‌ನ ಒಳಗಿದ್ದ ಹಳೆಯ ಹಾರ್ಡ್ ಡಿಸ್ಕಿನಿಂದ 412 ಜಿಬಿಯಷ್ಟು ವಿಡಿಯೊಗಳನ್ನು ಈ ಡಿಸ್ಕಿಗೆ ಕಾಪಿ ಮಾಡಲು ಹಾಕಿದ್ದೆ. ಆರಂಭದಲ್ಲಿ ಸೆಕೆಂಡಿಗೆ 110 ಎಂಬಿ ವೇಗವಿತ್ತು. ಸುಮಾರು 80 ಜಿಬಿ ಆಗುವ ಹೊತ್ತಿಗೆ ಅದು 30 ಎಂಬಿಗೆ ಇಳಿಯಿತು. ರಾತ್ರಿ ಎದ್ದು ನೋಡಿದಾಗ ಪಟ್ಟಿ ಶೇ 97ರಲ್ಲಿ ನಿಂತಿತ್ತು. ವೇಗದ ಜಾಗದಲ್ಲಿ ಸೊನ್ನೆ. ಇಪ್ಪತ್ತು ನಿಮಿಷ ಕಾದು ಕ್ಯಾನ್ಸಲ್ ಒತ್ತಿದರೆ ಆ ಕಿಟಕಿಯೂ ಮುಚ್ಚಲಿಲ್ಲ. ಸರ್ವಿಸ್ ಸೆಂಟರಿನವರಿಗೆ ಫೋನ್ ಮಾಡಿದೆ. ಏನನ್ನೂ ಕೇಳದೆ ‘ಫಾರ್ಮ್ಯಾಟ್ ಮಾಡಿ ನೋಡಿ ಸರ್’ ಎಂದರು. ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದೆ, ಮತ್ತೆ ಶೇ 97ಕ್ಕೇ ನಿಂತಿತು. ಅದೇ ಸಿಟ್ಟಿನಲ್ಲಿ ಬರೆದದ್ದು ಆ ಒಂದು ನಕ್ಷತ್ರದ ವಿಮರ್ಶೆ.

ಎರಡು ಸಲವೂ ಒಂದೇ ಜಾಗದಲ್ಲಿ ನಿಂತದ್ದೇ ಉತ್ತರದ ಅರ್ಧ ಭಾಗ ಎಂಬುದು ಆಗ ನನಗೆ ಹೊಳೆಯಲಿಲ್ಲ. ಕೇಬಲ್ ಕೆಟ್ಟಿದ್ದರೆ ಕಾಪಿ ಪ್ರತಿ ಸಲವೂ ಅದೇ ಫೈಲಿನಲ್ಲಿ ನಿಲ್ಲಬೇಕಾದ ಕಾರಣವಿಲ್ಲ; ಒಮ್ಮೆ ಶೇ 12, ಇನ್ನೊಮ್ಮೆ ಶೇ 60, ಮನಸ್ಸಿಗೆ ಬಂದಲ್ಲಿ ನಿಲ್ಲುತ್ತದೆ. ಆದರೂ ಖಾತ್ರಿಯಾಗಲೆಂದು ಗೆಳೆಯನ ಕೇಬಲ್ ತಂದು, ಕಂಪ್ಯೂಟರಿನ ಹಿಂಬದಿಯ ಬೇರೆ ಪೋರ್ಟಿಗೆ ಚುಚ್ಚಿ ಮೂರನೆಯ ಸಲ ಹಾಕಿದೆ. ಈ ಬಾರಿ ಕಾಪಿ ಕಿಟಕಿಯ ‘ಹೆಚ್ಚಿನ ವಿವರ’ ತೆರೆದಿಟ್ಟು, ಫೈಲಿನ ಹೆಸರನ್ನು ಬರೆದುಕೊಂಡೆ. ಅದು `Vitla_03.mp4`. ನಾನು ಫೈಲುಗಳಿಗೆ ಆಟ ನಡೆದ ಊರಿನ ಹೆಸರಿಡುತ್ತೇನೆ, ಕಾಪಿ ಅಕ್ಷರಾನುಕ್ರಮದಲ್ಲಿ ಸಾಗುತ್ತಿತ್ತು, ಹೀಗಾಗಿ ವಿಟ್ಲದ ಸರದಿ ಕೊನೆಗೆ ಬಂದಿತ್ತು. ‘ಕೊನೆಯಲ್ಲಿ ಕೈಕೊಡುತ್ತದೆ’ ಎಂಬ ನನ್ನ ದೂರಿಗೆ ಇದ್ದ ಆಧಾರ ಇಷ್ಟೇ.

ಕಾಪಿ ನಿಂತಿದ್ದ ಆ ಹೊತ್ತಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಎರಡೂ ಡಿಸ್ಕುಗಳನ್ನು ನೋಡಿದೆ. ಹೊಸ ಡಿಸ್ಕು ಶೇ 0ರಲ್ಲಿ ಸುಮ್ಮನೆ ಕುಳಿತಿತ್ತು. ಒಳಗಿನ ಹಳೆಯ ಡಿಸ್ಕು ಒಂದು ಬೈಟನ್ನೂ ಕೊಡದೆ ಶೇ 100ರಷ್ಟು ‘ಸಕ್ರಿಯ’ವಾಗಿತ್ತು. ಕಿವಿಗೊಟ್ಟರೆ ಅದರೊಳಗಿನಿಂದ ಟಕ್, ಟಕ್ ಎಂದು ಒಂದೇ ಲಯದ ಸದ್ದು ಕೇಳುತ್ತಿತ್ತು. ಓದಲಾಗದ ಸೆಕ್ಟರ್, ಅಂದರೆ ದತ್ತಾಂಶ ಬರೆದಿಡುವ ಸಣ್ಣ ತುಣುಕು ಜಾಗ, ಎದುರಾದಾಗ ಹಾರ್ಡ್ ಡಿಸ್ಕು ತಕ್ಷಣ ಸೋಲೊಪ್ಪುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಅದು ಕೈಬಿಟ್ಟ ಮೇಲೆ ವಿಂಡೋಸ್ ಇನ್ನೊಮ್ಮೆ ಕೇಳುತ್ತದೆ, ಮತ್ತು ಅಷ್ಟೂ ಹೊತ್ತು ನಮಗೆ ಕಾಣುವುದು ಅಲುಗಾಡದ ಒಂದು ಹಸಿರು ಪಟ್ಟಿ.

ಸಂಶಯ ಪರಿಹಾರಕ್ಕಾಗಿ ಈ ಡಿಸ್ಕನ್ನೂ ಕೇಬಲನ್ನೂ ಬಿಚ್ಚಿ ಪಕ್ಕಕ್ಕಿಟ್ಟು, ಆ ಒಂದು ಫೈಲನ್ನು ಅದು ಇದ್ದಲ್ಲೇ ಪೂರ್ತಿ ಓದಿಸಿದೆ. ಕೆಳಗಿನ ಆಜ್ಞೆಯು ಫೈಲಿನ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಓದುತ್ತದೆ, ಎಲ್ಲಿಗೂ ಏನನ್ನೂ ಬರೆಯುವುದಿಲ್ಲ.

```
certutil -hashfile "D:\Yakshagana\Vitla_03.mp4" SHA256
```

ಪಕ್ಕದ `Vitla_02.mp4` ಸರಾಗವಾಗಿ ಮುಗಿದು ಉದ್ದನೆಯ ಸಂಖ್ಯೆ ಕೊಟ್ಟಿತು. ಮೂರನೆಯದು ಬಹಳ ಹೊತ್ತು ತಡವರಿಸಿ ದೋಷದಲ್ಲಿ ನಿಂತಿತು. ಈವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ 7ನೆಯ ಸಂಖ್ಯೆಯ ದಾಖಲೆ ಸಾಲಾಗಿ ಕಂಡಿತು:

```
The device, \Device\Harddisk0\DR0, has a bad block.
```

ಇಲ್ಲಿ ನೋಡಬೇಕಾದದ್ದು `Harddisk0`. ಅದು ಒಳಗಿನ ಡಿಸ್ಕು; ನಾನು ಬೈದದ್ದು `Harddisk1`ನ್ನು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳೆಯ ಡಿಸ್ಕಿನ C5 ಸಾಲು, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಎಣಿಕೆ, 18 ಎಂದಿತ್ತು. ಅದು ಹದಿನಾರರ ಎಣಿಕೆಯಾದ್ದರಿಂದ ನಿಜವಾದ ಸಂಖ್ಯೆ 24. ಆ ಡಿಸ್ಕಿನಲ್ಲಿ ಎಂಟೆಂಟು ಸಣ್ಣ ಸೆಕ್ಟರು ಸೇರಿ 4 ಕೆಬಿಯ ಒಂದು ದೊಡ್ಡ ಸೆಕ್ಟರ್ ಆಗುವುದರಿಂದ, ಕೆಟ್ಟದ್ದು ಮೂರೇ ಜಾಗ, ಒಟ್ಟು 12 ಕೆಬಿ. 412 ಜಿಬಿಯ ಕಾಪಿಯನ್ನು ತಡೆದು ನಿಲ್ಲಿಸಿದ್ದು ಅಷ್ಟೇ.

ಉಳಿದ ಫೈಲುಗಳನ್ನು ತರಲು ವಿಂಡೋಸ್‌ನದೇ ಕಾಪಿ ಆಜ್ಞೆಯಾದ ರೋಬೋಕಾಪಿ ಬಳಸಿದೆ. ಅದರಲ್ಲಿ ಒಂದು ಎಚ್ಚರ ಬೇಕು: ನಾವಾಗಿ ಹೇಳದಿದ್ದರೆ ಅದು ವಿಫಲವಾದ ಫೈಲನ್ನು ಮೂವತ್ತು ಸೆಕೆಂಡಿಗೊಮ್ಮೆ ಹತ್ತು ಲಕ್ಷ ಬಾರಿ ಮರುಯತ್ನಿಸುತ್ತದೆ, ಆಗ ಅದೂ ನಿಂತಂತೆಯೇ ಕಾಣುತ್ತದೆ.

```
robocopy D:\Yakshagana E:\Yakshagana /E /R:1 /W:1 /LOG:C:\Temp\copy.log
```

ಒಂದೇ ಒಂದು ಫೈಲು ಬಿಟ್ಟು ಎಲ್ಲವೂ ಬಂದವು. ಲಾಗಿನಲ್ಲಿ ವಿಟ್ಲದ ಮೂರನೆಯ ಭಾಗದ ಮುಂದೆ `ERROR 23`, ಅಂದರೆ ದತ್ತಾಂಶ ಓದುವಲ್ಲಿ ದೋಷ, ಇತ್ತು. ಅದನ್ನು ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ `ddrescue` ಮೂಲಕ ತೆಗೆದೆ; ಓದಲಾಗದ 12 ಕೆಬಿಯನ್ನು ಖಾಲಿ ಬಿಟ್ಟು ಉಳಿದದ್ದನ್ನು ಅದು ಎತ್ತಿಕೊಟ್ಟಿತು. ಈಗ ಆ ವಿಡಿಯೊದಲ್ಲಿ ಒಂದು ಕಡೆ ಚಿತ್ರ ಕ್ಷಣಕಾಲ ಚೌಕಚೌಕವಾಗಿ ಒಡೆದು ಮತ್ತೆ ಸರಿಹೋಗುತ್ತದೆ. ಭಾಗವತರ ಪದ ಎಲ್ಲಿಯೂ ತುಂಡಾಗಿಲ್ಲ.

ಹಾಗೆಂದು ಈ ಡಿಸ್ಕು ನಿರ್ದೋಷಿಯೇನಲ್ಲ. 80 ಜಿಬಿಯ ನಂತರ ವೇಗ ಕುಸಿದದ್ದು ಇದರದೇ ಗುಣ. ಸಣ್ಣ ಪೋರ್ಟಬಲ್ ಡಿಸ್ಕುಗಳಲ್ಲಿ ಅನೇಕವು ದತ್ತಾಂಶದ ಪಥಗಳನ್ನು ಮನೆಯ ಹೆಂಚಿನಂತೆ ಒಂದರ ಮೇಲೊಂದು ಹೊದಿಸಿ ಬರೆಯುತ್ತವೆ. ಬಂದದ್ದನ್ನು ಮೊದಲು ತಾತ್ಕಾಲಿಕ ಜಾಗದಲ್ಲಿ ಬೇಗನೆ ಬರೆದಿಟ್ಟು, ಅದು ತುಂಬಿದ ಮೇಲೆ ಒಂದು ಕಡೆ ಜೋಡಿಸುತ್ತ ಇನ್ನೊಂದು ಕಡೆ ಬರೆಯುತ್ತವೆ. ಆಗ ಕಾಪಿ ಕೆಲವು ಸೆಕೆಂಡು ಸೊನ್ನೆಗಿಳಿದು ಮತ್ತೆ ಏಳುವುದೂ ಉಂಟು. ಆದರೆ ಅಂಥ ವೇಳೆ ಟಾಸ್ಕ್ ಮ್ಯಾನೇಜರಿನಲ್ಲಿ ಶೇ 100 ತೋರಿಸುವುದು ಬರೆಸಿಕೊಳ್ಳುವ ಡಿಸ್ಕು, ಮತ್ತು ಅದರ ದೀಪ ಮಿಣುಕುತ್ತಲೇ ಇರುತ್ತದೆ. ಕೇಬಲ್ ಕೀಳದೆ ಕಾಯುವುದೊಂದೇ ದಾರಿ. ಈಗ ನಾನು ನೂರು ಜಿಬಿಗೊಮ್ಮೆ ನಿಲ್ಲಿಸಿ, ಊಟ ಮುಗಿಸಿ ಬಂದು ಮುಂದುವರಿಸುತ್ತೇನೆ.

ಕೇಬಲ್ ಕೈಕೊಟ್ಟದ್ದೂ ಒಮ್ಮೆ ಆಯಿತು, ಅದು ಮೂರನೆಯ ವರ್ಷದಲ್ಲಿ. ಡಿಸ್ಕಿನ ಕಡೆಯ ಅಗಲವಾದ ಮೈಕ್ರೋ-ಬಿ ತುದಿ ಸಡಿಲವಾಗಿತ್ತು. ಆಗ ಕಂಡ ಲಕ್ಷಣಗಳೇ ಬೇರೆ: ನಿಂತ ಜಾಗ ಪ್ರತಿ ಸಲವೂ ಬದಲಾಗುತ್ತಿತ್ತು, ಡಿಸ್ಕು ಕಳಚಿಕೊಂಡ ‘ಟುಡುಂ’ ಸದ್ದು ಬರುತ್ತಿತ್ತು, ರೋಬೋಕಾಪಿಯಲ್ಲಿ 23ರ ಬದಲು, ಉತ್ತರಕ್ಕೆ ಕಾದು ಸಮಯ ಮೀರಿತೆನ್ನುವ `ERROR 121` ಬರುತ್ತಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದ C7 ಸಾಲು ಸೊನ್ನೆಯಿದೆ, ಆದ್ದರಿಂದ ಕೇಬಲ್ ಸರಿಯಿದೆ ಎಂದು ಆಗ ಒಬ್ಬರು ವಾದಿಸಿದರು. ಆ ಸಾಲು ಎಣಿಸುವುದು ಡಬ್ಬಿಯೊಳಗೆ ಡಿಸ್ಕಿಗಿರುವ ಸಾಟಾ ಸಂಪರ್ಕದ ದೋಷಗಳನ್ನು. ಹೊರಗಿನ ಯುಎಸ್‌ಬಿ ಕೇಬಲಿನ ಸುದ್ದಿ ಅದಕ್ಕೆ ಮುಟ್ಟುವುದೇ ಇಲ್ಲ. ಹೊಸ ಕೇಬಲ್ ಹಾಕಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ.

ಮೂರು ವರ್ಷಗಳ ನಂತರವೂ ಈ ಡಿಸ್ಕಿನ C5 ಸೊನ್ನೆಯಲ್ಲೇ ಇದೆ. ಒಂದು ನಕ್ಷತ್ರವನ್ನು ನಾಲ್ಕಕ್ಕೆ ಏರಿಸುತ್ತಿದ್ದೇನೆ. ಉಳಿದ ಒಂದನ್ನು ಹಿಡಿದಿಟ್ಟದ್ದು, ಬರವಣಿಗೆಯ ವೇಗ ಹೀಗೆ ಕುಸಿಯುತ್ತದೆಂದು ಡಬ್ಬಿಯ ಮೇಲೆ ಎಲ್ಲಿಯೂ ಹೇಳದ ಕಾರಣಕ್ಕೆ.